ದಿನವೂ ಹಾಕುವ ಚಿನ್ನದ ಚೈನು: ಗಂಟು ಬೀಳದ, ತುಂಡಾಗದ ಚೈನು ಆರಿಸಲು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವುದು ಮದುವೆ ಮನೆಗೆ ಹಾಕಿ ಮರುದಿನ ಬೀರುವಿಗೆ ಸೇರುವ ಸರಗಳ ಮಾತಲ್ಲ. ಬೆಳಗಿನ ಸ್ನಾನದಿಂದ ರಾತ್ರಿ ಮಲಗುವವರೆಗೆ ಕೊರಳಲ್ಲೇ ಇರುವ, ಆರರಿಂದ ಹನ್ನೆರಡು ಗ್ರಾಂ ಒಳಗಿನ, ಯಂತ್ರದಲ್ಲಿ ತಯಾರಾಗುವ 22 ಕ್ಯಾರೆಟ್ ಚೈನಿನ ಮಾತು. ನಮ್ಮ ಕಡೆ ಹೆಚ್ಚು ಜನ ಕೊಳ್ಳುವುದೂ ಇದನ್ನೇ, ರಿಪೇರಿಗೆ ಹೆಚ್ಚು ಬರುವುದೂ ಇದೇ.

ಚೈನು ಸಾಮಾನ್ಯವಾಗಿ ಎಲ್ಲಿ ತುಂಡಾಗುತ್ತದೆ?

ಮೂರು ಜಾಗದಲ್ಲಿ. ಮೊದಲನೆಯದು ಕೊಕ್ಕೆಯ ಪಕ್ಕದ ಉಂಗುರ. ಚೈನಿನ ಕೊನೆಯ ಕೊಂಡಿಯನ್ನು ಕೊಕ್ಕೆಗೆ ಸೇರಿಸುವ ಈ ಪುಟ್ಟ ಉಂಗುರದ ಎರಡು ತುದಿಗಳನ್ನು ಕೆಲವೊಮ್ಮೆ ಬರೀ ಒತ್ತಿ ಮುಚ್ಚಿರುತ್ತಾರೆ, ಬೆಸುಗೆ ಹಾಕಿರುವುದಿಲ್ಲ. ಬಟ್ಟೆಗೆ ಸಿಕ್ಕಿ ಸ್ವಲ್ಪ ಎಳೆದರೂ ಅದು ಬಾಯಿ ಬಿಡುತ್ತದೆ. ಇಂಥ ಕಡೆ ಚೈನು ತುಂಡಾಗಿರುವುದಿಲ್ಲ, ಕಳಚಿ ಬಿದ್ದಿರುತ್ತದೆ ಅಷ್ಟೆ. ಆದರೆ ಕಳೆದುಹೋಗುವುದು ಹೀಗೆಯೇ ಹೆಚ್ಚು.

ಎರಡನೆಯದು ನಟ್ಟನಡುವೆ, ಲಾಕೆಟ್ ಅಥವಾ ತಾಳಿ ತೂಗುವ ಜಾಗ. ಚೈನು ಹಾಯುವ ಲಾಕೆಟ್ಟಿನ ಬಳೆ ಹಗಲಿಡೀ ಅದೇ ನಾಲ್ಕಾರು ಕೊಂಡಿಗಳ ಮೇಲೆ ಉಜ್ಜುತ್ತಿರುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ಕೊಂಡಿಯ ಹೊರಮೈ ದುಂಡಗೇ ಇರುತ್ತದೆ, ಒಳಬಾಗು ಮಾತ್ರ ಗರಗಸ ಹಾಯ್ದಂತೆ ತೆಳುವಾಗಿರುತ್ತದೆ. ಬರಿಗಣ್ಣಿಗೆ ಕಾಣದ ಈ ಸವಕಳಿಯೇ ‘ಏನೂ ಮಾಡಿಲ್ಲ, ತಾನಾಗೇ ತುಂಡಾಯಿತು’ ಎನ್ನುವುದರ ಹಿಂದಿನ ಕಾರಣ.

ಮೂರನೆಯದು ಮಡಿಕೆ ಬಿದ್ದ ಜಾಗ. ಕೆಲವು ಮಾದರಿಗಳು ಒಮ್ಮೆ ಚೂಪಾಗಿ ಮಡಿಚಿದರೆ ಸಾಕು, ಅಲ್ಲೇ ಸೋಲುತ್ತವೆ. ಅವು ಯಾವುವೆಂದು ಮುಂದೆ ಹೇಳಿದ್ದೇನೆ.

ಕೊಳ್ಳುವಾಗ ಮಿಲಿಮೀಟರ್ ನೋಡಬೇಕೋ, ಗ್ರಾಂ ನೋಡಬೇಕೋ?

ಎರಡನ್ನೂ ಬೇರೆ ಬೇರೆಯಾಗಿ ನೋಡಿದರೆ ಉಪಯೋಗವಿಲ್ಲ. ಚೈನಿನ ತೂಕವನ್ನು ಅದರ ಉದ್ದದಿಂದ ಭಾಗಿಸಿ, ಒಂದು ಇಂಚಿಗೆ ಎಷ್ಟು ಗ್ರಾಂ ಬರುತ್ತದೆ ಎಂದು ನೋಡಿ. ಶಕ್ತಿ ಎಷ್ಟಿದೆ ಎಂದು ತಿಳಿಸುವ ಲೆಕ್ಕ ಅದು. ಎಂಟು ಗ್ರಾಂ ಚೈನು ಎಂದರೆ ಏನೂ ಹೇಳಿದಂತಾಗಲಿಲ್ಲ. 18 ಇಂಚಿನಲ್ಲಿ ಎಂಟು ಗ್ರಾಂ ಎಂದರೆ ಇಂಚಿಗೆ 0.44 ಗ್ರಾಂ, ಗಟ್ಟಿಮುಟ್ಟಾದ ಚೈನು. ಅದೇ ಎಂಟು ಗ್ರಾಂ 30 ಇಂಚಿಗೆ ಹರಡಿದರೆ ಇಂಚಿಗೆ 0.27 ಗ್ರಾಂ, ತಾಳಿಯ ಭಾರಕ್ಕೆ ಸಾಲದು.

ನಾನು ಇಟ್ಟುಕೊಂಡಿರುವ ಅಂದಾಜು ಇದು: ಇಂಚಿಗೆ 0.2 ಗ್ರಾಂಗಿಂತ ಕಡಿಮೆ ಇದ್ದರೆ ಅದು ದಿನನಿತ್ಯದ ಚೈನಲ್ಲ. ಚಿಕ್ಕ ಲಾಕೆಟ್ ಹಾಕುವವರಿಗೆ 0.3ರಿಂದ 0.45 ಸಾಕು. ತಾಳಿ, ಗುಂಡು ಎಲ್ಲ ಕೋದು ಹಾಕುವುದಾದರೆ 0.5 ದಾಟಿರಲಿ. ಗಂಡಸರು ಬರಿ ಚೈನು ಹಾಕಿಕೊಂಡು ಹೊಲ, ಗ್ಯಾರೇಜು, ಗೋಡೌನು ಎಂದು ಓಡಾಡುವುದಾದರೂ ಅಷ್ಟೇ ಇರಲಿ.

ಒಂದು ಉದಾಹರಣೆ ಲೆಕ್ಕ ಹಾಕಿ ತೋರಿಸಬಹುದೇ?

ಶಾಲೆಯಲ್ಲಿ ಪಾಠ ಮಾಡುವ ಒಬ್ಬ ಹೆಣ್ಣುಮಗಳು ಎಂಟು ಗ್ರಾಂ ಒಳಗೆ, 24 ಇಂಚಿನ, ನೋಡಲು ಸ್ವಲ್ಪ ದಪ್ಪಗಿರುವ ಚೈನು ಬೇಕೆಂದು ಅಂಗಡಿಗೆ ಹೋಗುತ್ತಾರೆ ಎಂದಿಟ್ಟುಕೊಳ್ಳಿ. ಅವರ ಲಾಕೆಟ್ ಮೂರು ಗ್ರಾಂ ಇದೆ. ಗಲ್ಲಾಪೆಟ್ಟಿಗೆಯ ಮುಂದೆ ಎರಡು ಚೈನು ಹರಡಿದ್ದಾರೆ, ಎರಡೂ ಚಪ್ಪಟೆ ಕೊಂಡಿಯ ಕರ್ಬ್ ಮಾದರಿಯವೇ. ಒಂದು 2 ಮಿಲಿಮೀಟರ್ ಅಗಲದ 18 ಇಂಚಿನ ಚೈನು, ತೂಕ 6.5 ಗ್ರಾಂ. ಇನ್ನೊಂದು 2.5 ಮಿಲಿಮೀಟರ್ ಅಗಲದ 24 ಇಂಚಿನ ಚೈನು, ತೂಕ 8 ಗ್ರಾಂ. ಎರಡನೆಯದು ದಪ್ಪವೂ ಹೌದು, ಉದ್ದವೂ ಹೌದು, ಬಜೆಟ್ಟಿಗೂ ಸರಿ. ಯಾರ ಕೈಯಾದರೂ ಅದರ ಕಡೆಗೇ ಹೋಗುತ್ತದೆ.

ಈಗ ಲೆಕ್ಕ. ಮೊದಲ ಚೈನು ಇಂಚಿಗೆ 0.36 ಗ್ರಾಂ. ಮಾದರಿ ಅದೇ ಆಗಿದ್ದರೆ ಅಗಲ ಹೆಚ್ಚಿದಾಗ ತಂತಿಯ ದಪ್ಪವೂ ಹೆಚ್ಚಬೇಕು, ತೂಕವು ಅಗಲದ ವರ್ಗದಷ್ಟು ಏರಬೇಕು. 2ರಿಂದ 2.5 ಎಂದರೆ 1.25 ಪಟ್ಟು, ಅದರ ವರ್ಗ ಸುಮಾರು 1.56. ಹಾಗಾಗಿ 2.5 ಮಿಲಿಮೀಟರಿನ ಗಟ್ಟಿ ಚೈನು ಇಂಚಿಗೆ 0.56 ಗ್ರಾಂ, 24 ಇಂಚಿಗೆ ಹದಿಮೂರೂವರೆ ಗ್ರಾಂ ಹತ್ತಿರ ತೂಗಬೇಕಿತ್ತು. ತಕ್ಕಡಿ ತೋರಿಸುತ್ತಿರುವುದು ಎಂಟು. ಐದೂವರೆ ಗ್ರಾಂ ಚಿನ್ನ ಇರಬೇಕಾದ ಕಡೆ ಗಾಳಿ ಇದೆ, ಇಲ್ಲವೇ ಕೊಂಡಿಯನ್ನು ತೆಳ್ಳಗೆ ತಟ್ಟಿ ಅಗಲ ಮಾಡಿದ್ದಾರೆ. ಇದು ಮೋಸವೇನಲ್ಲ, ಹಗುರ ಚೈನು ಎಂದೇ ಮಾರುತ್ತಾರೆ. ಆದರೆ ಈಕೆಯ ಕೆಲಸಕ್ಕೆ ಅದು ಬರುವುದಿಲ್ಲ.

ಅವರಿಗೆ ಸರಿಹೊಂದುವುದು 2 ಮಿಲಿಮೀಟರಿನ ಗಟ್ಟಿ ಚೈನೇ, 22 ಇಂಚಿನಲ್ಲಿ. 22ನ್ನು 0.36ರಿಂದ ಗುಣಿಸಿದರೆ 7.9 ಗ್ರಾಂ. ಉದ್ದದಲ್ಲಿ ಎರಡು ಇಂಚು ಬಿಟ್ಟುಕೊಟ್ಟರೆ ದಪ್ಪ ಬಿಟ್ಟುಕೊಡಬೇಕಿಲ್ಲ. ಬಜೆಟ್ ಬಿಗಿಯಿದ್ದಾಗ ಉದ್ದವನ್ನೇ ಕಡಿಮೆ ಮಾಡಿ.

ಟೊಳ್ಳು ಚೈನನ್ನು ನೋಡಿ ಗುರುತಿಸಬಹುದೇ?

ಅಂಗೈಯಲ್ಲಿ ಹಾಕಿಕೊಂಡಾಗ ಕಣ್ಣಿಗೆ ಕಂಡಷ್ಟು ಭಾರ ಕೈಗೆ ತಿಳಿಯದಿದ್ದರೆ ಅನುಮಾನ ಪಡಿ. ಗಾಜಿನ ಮೇಲೆ ಸುರಿದರೆ ಗಟ್ಟಿ ಚೈನು ಮಂದವಾಗಿ, ಜಾರುವಂತೆ ಬೀಳುತ್ತದೆ. ಟೊಳ್ಳು ಚೈನಿನ ಸದ್ದು ತೆಳುವಾಗಿ ಚಿಲಿಚಿಲಿ ಎನ್ನುತ್ತದೆ. ಖಚಿತ ಬೇಕಿದ್ದರೆ ‘ಇದು ಗಟ್ಟಿಯೋ ಟೊಳ್ಳೋ’ ಎಂದು ನೇರವಾಗಿ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಟೊಳ್ಳು ಚೈನಿನ ನಿಜವಾದ ತೊಂದರೆ ತುಂಡಾಗುವುದಕ್ಕಿಂತ ತುಂಡಾದ ಮೇಲೆ ಶುರುವಾಗುತ್ತದೆ. ಅದರ ಗೋಡೆ ಎಷ್ಟು ತೆಳು ಎಂದರೆ ಬೆಸುಗೆಯ ಉರಿ ತಾಗಿದ ಕೂಡಲೇ ಕೊಂಡಿ ಕರಗಿ ಕುಸಿಯುತ್ತದೆ. ತಗ್ಗು ಬಿದ್ದರೆ ಒಳಗಿನಿಂದ ಎತ್ತಲು ದಾರಿಯಿಲ್ಲ.

ಯಾವ ಮಾದರಿ ತುಂಡಾಗುವುದಿಲ್ಲ, ಗಂಟು ಬೀಳುವುದಿಲ್ಲ?

ಅಂಗಡಿಯಲ್ಲಿ ಹತ್ತಾರು ಹೆಸರು ಹೇಳುತ್ತಾರೆ, ಒಂದೊಂದು ಊರಿನಲ್ಲಿ ಒಂದೊಂದು. ಹೆಸರು ಬಿಡಿ, ಕೊಂಡಿ ಹೇಗೆ ಕೂತಿದೆ ಎಂದು ನೋಡಿ.

ನನ್ನ ಮೊದಲ ಆಯ್ಕೆ ಕರ್ಬ್. ಕೊಂಡಿಗಳನ್ನು ತಿರುಚಿ ಚಪ್ಪಟೆ ಮಾಡಿರುವುದರಿಂದ ಚೈನು ಮೈಗೆ ಅಂಟಿಕೊಂಡಂತೆ ಮಲಗುತ್ತದೆ. ಒಂದು ಕೊಂಡಿಯ ಪಕ್ಕ ಇನ್ನೊಂದು ಒತ್ತಾಗಿ ಕೂತಿರುವುದರಿಂದ ಕೂದಲು ಸಿಕ್ಕಲು, ಚೈನು ತನ್ನೊಳಗೇ ನುಸುಳಲು ಜಾಗ ಕಡಿಮೆ. ತುಂಡಾದರೂ ಒಂದು ಕೊಂಡಿ ಮಾತ್ರ ಹೋಗಿರುತ್ತದೆ, ಅದನ್ನು ಬೆಸೆದರೆ ಆಯಿತು. ಹೊಳಪಿಗೆಂದು ಮೇಲೆ ಹೆಚ್ಚು ಡೈಮಂಡ್ ಕಟ್ ಮಾಡಿದ್ದನ್ನು ಬಿಟ್ಟುಬಿಡಿ. ಕತ್ತರಿಸಿದಷ್ಟೂ ಲೋಹ ಕಡಿಮೆಯಾಗಿರುತ್ತದೆ.

ಅದರ ಜೊತೆಗೇ ನಿಲ್ಲುವುದು ಗೋಧಿ ತೆನೆಯಂತೆ ಹೆಣೆದ ಚೈನು. ಸ್ಪೈಗಾ ಎಂದೂ, ವೀಟ್ ಎಂದೂ ಕರೆಯುತ್ತಾರೆ. ಹಲವು ಎಳೆ ಕೊಂಡಿಗಳು ಒಂದೇ ದಿಕ್ಕಿಗೆ ಹೆಣೆದುಕೊಂಡಿರುವುದರಿಂದ ಎಲ್ಲ ಕಡೆಗೂ ಸರಾಗವಾಗಿ ಬಾಗುತ್ತದೆ, ಮಡಿಕೆ ಬೀಳುವುದಿಲ್ಲ, ದುಂಡಗಿರುವುದರಿಂದ ಗಂಟೂ ಕಡಿಮೆ. ತಾಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಒಂದೇ ತೊಂದರೆ ಎಂದರೆ ತುಂಡಾದರೆ ರಿಪೇರಿಗೆ ಕೈಪಳಗಿದವರು ಬೇಕು.

ಒಂದರೊಳಗೊಂದು ಅಡ್ಡಡ್ಡ ಸೇರಿದ ಸಾದಾ ಕೊಂಡಿಯ ಕೇಬಲ್ ಚೈನು ಬಲವಾಗಿರುತ್ತದೆ, ಯಾವ ಅಕ್ಕಸಾಲಿಗರಾದರೂ ರಿಪೇರಿ ಮಾಡಬಲ್ಲರು. ಆದರೆ ತೆಳುವಾದಷ್ಟೂ ಗಂಟು ಬೀಳುತ್ತದೆ. ಒಂದೂವರೆ ಮಿಲಿಮೀಟರ್ ಮೇಲಿದ್ದರೆ ತೊಂದರೆಯಿಲ್ಲ.

ಬಾಕ್ಸ್ ಚೈನು ನೋಡಲು ಬಹಳ ಅಚ್ಚುಕಟ್ಟು, ನುಣುಪು, ಗಂಟು ಬೀಳುವುದೂ ಕಡಿಮೆ. ದಪ್ಪ ಬಾಕ್ಸ್ ಒಳ್ಳೆಯದೇ. ಅಪಾಯ ಇರುವುದು ಒಂದು ಮಿಲಿಮೀಟರಿನ ಆಸುಪಾಸಿನ ಸಣ್ಣ ಬಾಕ್ಸಿನಲ್ಲಿ. ತೆಳು ಪಟ್ಟಿಯನ್ನು ಮಡಿಚಿ ಮಾಡಿದ ಚೌಕಗಳು ಅವು. ದಿಂಬಿನಡಿ ಸಿಕ್ಕಿ ಚೂಪಾಗಿ ಮಡಿಚಿದರೆ ಮೂಲೆ ಸೀಳುತ್ತದೆ. ಬೆಸುಗೆ ಹಾಕುವಾಗ ಕರಗಿದ ಲೋಹ ಅಕ್ಕಪಕ್ಕದ ಚೌಕಗಳಿಗೂ ಹರಿದು, ಅಷ್ಟು ಉದ್ದ ಕಡ್ಡಿಯಂತೆ ಬಿಗಿಯಾಗಿಬಿಡುತ್ತದೆ. ಮುಂದಿನ ಸಲ ಆ ಬಿಗಿ ತುಣುಕಿನ ಪಕ್ಕದಲ್ಲೇ ಮತ್ತೆ ತುಂಡಾಗುತ್ತದೆ.

ರೋಪ್ ಚೈನಿನಲ್ಲಿ ಒಂದು ಕೊಂಡಿ ನಾಲ್ಕಾರು ಕೊಂಡಿಗಳನ್ನು ಹಿಡಿದಿರುತ್ತದೆ. ಗಟ್ಟಿಯಾಗಿದ್ದರೆ ಗಂಡಸರಿಗೆ ಒಳ್ಳೆಯ ಚೈನು, ಆದರೆ ಮಾರುಕಟ್ಟೆಯಲ್ಲಿ ಹಗುರ ರೋಪ್ ಹಲವು ಟೊಳ್ಳಾಗಿರುತ್ತವೆ. ಕೊಳ್ಳುವ ಮುನ್ನ ಇಂಚಿನ ಲೆಕ್ಕ ಹಾಕಿಯೇ ತೀರಿ. ಸಿಂಗಪುರ ಚೈನು ಸುರುಳಿ ಸುತ್ತಿ ಮಿರಮಿರ ಮಿಂಚುತ್ತದೆ, ಆದರೆ ತೆಳುವಾದದ್ದು ಹೆರಳಿನ ಬುಡದ ಕೂದಲನ್ನು ಕೀಳುತ್ತದೆ.

ಹಾವಿನ ಮೈಯಂತಿರುವ ಸ್ನೇಕ್ ಮತ್ತು ಪಟ್ಟಿಯಂತಿರುವ ಹೆರಿಂಗ್‌ಬೋನ್, ಈ ಎರಡನ್ನು ದಯವಿಟ್ಟು ದಿನನಿತ್ಯಕ್ಕೆ ತೆಗೆದುಕೊಳ್ಳಬೇಡಿ. ಇವು ಗಂಟು ಬೀಳುವುದಿಲ್ಲ ಎಂಬುದು ನಿಜ. ಒಮ್ಮೆ ಮಡಿಕೆ ಬಿದ್ದರೆ ಮಾತ್ರ ಮೊದಲಿನಂತೆ ನೆಟ್ಟಗಾಗುವುದಿಲ್ಲ ಎಂಬುದೂ ಅಷ್ಟೇ ನಿಜ. ಮಲಗುವಾಗ ತೆಗೆದು ನೆಟ್ಟಗೆ ಇಡುವವರು ಮಾತ್ರ ಕೊಳ್ಳಬಹುದು.

22 ಕ್ಯಾರೆಟ್ ಮೆತ್ತಗಿರುತ್ತದಲ್ಲ, 18 ತೆಗೆದುಕೊಳ್ಳಲೇ?

22 ಕ್ಯಾರೆಟ್ಟಿನಲ್ಲಿ ನೂರಕ್ಕೆ 91.6 ಭಾಗ ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿಯಂಥ ಲೋಹ. 18ರಲ್ಲಿ ಚಿನ್ನ 75 ಭಾಗ, ಮಿಶ್ರಲೋಹ ಹೆಚ್ಚಿರುವುದರಿಂದ ಗಡಸು. ಅದೇ ದಪ್ಪದ ತಂತಿಯಲ್ಲಿ 18 ಕ್ಯಾರೆಟ್ ಹೆಚ್ಚು ಬಾಳುತ್ತದೆ. ಐದು ಗ್ರಾಂ ಒಳಗಿನ ತೆಳು ಚೈನು ಬೇಕೇ ಬೇಕು, ಕಚೇರಿಗೆ ಹಾಕುತ್ತೇನೆ ಎನ್ನುವವರಿಗೆ ನಾನು 18ನ್ನೇ ಹೇಳುತ್ತೇನೆ. ಎಂಟು ಗ್ರಾಂ ಮೇಲೆ, ಇಂಚಿಗೆ ಸಾಕಷ್ಟು ತೂಕವಿದ್ದರೆ 22 ಧಾರಾಳವಾಗಿ ತಡೆಯುತ್ತದೆ. ಮುಂದೆ ಬದಲಾಯಿಸುವಾಗ, ಗಿರವಿ ಇಡುವಾಗ ನಮ್ಮ ಊರುಗಳಲ್ಲಿ 22ಕ್ಕೆ ತಕರಾರು ಇರುವುದಿಲ್ಲ ಎಂಬುದನ್ನೂ ಮರೆಯಬೇಡಿ.

ಕೊಕ್ಕೆ ಯಾವುದು ಒಳ್ಳೆಯದು?

ದಕ್ಷಿಣದಲ್ಲಿ ಹೆಚ್ಚು ಬಳಸುವ ಎಸ್ ಕೊಕ್ಕೆ ಸರಳ, ಅದರೊಳಗೆ ಸ್ಪ್ರಿಂಗ್ ಇಲ್ಲ, ಹಾಳಾಗಲು ಏನೂ ಇಲ್ಲ. ಅದರ ಸಮಸ್ಯೆ ಒಂದೇ: ದಿನಾ ತೆಗೆದು ಹಾಕುವವರ ಕೈಯಲ್ಲಿ ಬಾಯಿ ನಿಧಾನಕ್ಕೆ ಅಗಲವಾಗುತ್ತದೆ. ಉಂಗುರವನ್ನು ಒಳಗೆ ತೂರಿಸುವಾಗ ಸ್ವಲ್ಪ ಬಿಗಿ ಅನಿಸಬೇಕು. ಸಲೀಸಾಗಿ ಜಾರಿ ಒಳಗೆ ಹೋಯಿತೆಂದರೆ ಅಷ್ಟೇ ಸಲೀಸಾಗಿ ಹೊರಗೂ ಬರುತ್ತದೆ. ಅಂಗಡಿಗೆ ಕೊಟ್ಟು ಒತ್ತಿಸಿ, ಮನೆಯ ಇಕ್ಕಳದಲ್ಲಿ ಒತ್ತಬೇಡಿ, ಗೀರು ಬಿದ್ದ ಜಾಗದಲ್ಲೇ ಮುಂದೆ ಬಿರುಕು ಬಿಡುತ್ತದೆ.

ಪುಟ್ಟ ಗುಂಡಿ ಎಳೆದು ಬಾಯಿ ತೆರೆಯುವ ಲಾಬ್ಸ್ಟರ್ ಕೊಕ್ಕೆ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ, ಲಾಕೆಟ್ ಭಾರವಿದ್ದರೆ ಅದೇ ವಾಸಿ. ದುಂಡು ಸ್ಪ್ರಿಂಗ್ ಕೊಕ್ಕೆಯಲ್ಲಿ ಒಳಗಿನ ಉಕ್ಕಿನ ಸ್ಪ್ರಿಂಗ್ ಬೆವರು, ಸೋಪಿನ ನೀರಿಗೆ ಸೋಲುತ್ತದೆ. ಗುಂಡಿ ಬಿಟ್ಟಾಗ ಬಾಯಿ ಪೂರ್ತಿ ಮುಚ್ಚದಿದ್ದರೆ ಬದಲಾಯಿಸಿ. ತಿರುಪಿನ ಕೊಕ್ಕೆ ಹಾಕಿದವರು ವಾರಕ್ಕೊಮ್ಮೆ ಬೆರಳಲ್ಲಿ ಬಿಗಿ ನೋಡಿಕೊಳ್ಳಲಿ.

ಕೊಕ್ಕೆ ಯಾವುದೇ ಇರಲಿ, ಎರಡೂ ತುದಿಯ ಉಂಗುರಗಳಿಗೆ ಬೆಸುಗೆ ಹಾಕಿದೆಯೇ ಎಂದು ಅಂಗಡಿಯಲ್ಲೇ ಭೂತಗನ್ನಡಿ ಕೇಳಿ ನೋಡಿ. ಕೂಡುವ ಜಾಗದಲ್ಲಿ ಕೂದಲೆಳೆಯಂಥ ಗೆರೆ ಕಂಡರೆ ಬೆಸೆದಿಲ್ಲ ಎಂದರ್ಥ. ಬಿಲ್ ಮಾಡುವ ಮುನ್ನ ಬೆಸೆದುಕೊಡಿ ಎನ್ನಿ. ಅದು ಚಿಕ್ಕ ಕೆಲಸ.

ಹಾಲ್‌ಮಾರ್ಕ್ ಇದ್ದರೆ ಚೈನು ಗಟ್ಟಿ ಎಂದರ್ಥವೇ?

ಇಲ್ಲ. ಹಾಲ್‌ಮಾರ್ಕ್ ಹೇಳುವುದು ಚಿನ್ನದ ಶುದ್ಧತೆಯನ್ನು ಮಾತ್ರ. ಬಿಐಎಸ್ ಗುರುತು, 22K916 ಎಂಬ ಶುದ್ಧತೆಯ ಅಂಕಿ ಮತ್ತು ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಎಚ್‌ಯುಐಡಿ, ಈ ಮೂರೂ ಇರಬೇಕು. ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಆಭರಣವನ್ನು 2023ರ ಏಪ್ರಿಲ್ 1ರಿಂದ ಅಂಗಡಿಗಳು ಮಾರುವಂತಿಲ್ಲ. `BIS Care` ಆ್ಯಪಿನಲ್ಲಿ `Verify HUID` ಒತ್ತಿ ಆ ಸಂಖ್ಯೆ ಹಾಕಿದರೆ ವಿವರ ಬರುತ್ತದೆ.

ಚೈನಿನಲ್ಲಿ ಈ ಗುರುತನ್ನು ಬಹಳ ಸಲ ಕೊಕ್ಕೆಯ ಮೇಲೋ ತುದಿಯ ಪುಟ್ಟ ಪಟ್ಟಿಯ ಮೇಲೋ ಲೇಸರಿನಲ್ಲಿ ಕೊರೆದಿರುತ್ತಾರೆ, ಕೊಂಡಿಯಲ್ಲಿ ಜಾಗವಿರುವುದಿಲ್ಲ. ಹಾಗಾಗಿ ಕೊಕ್ಕೆ ಬದಲಾಯಿಸಿದರೆ ಗುರುತೂ ಹೋಗಬಹುದು. ಬದಲಾಯಿಸುವ ಮುನ್ನ ಅದರ ಫೋಟೊ ತೆಗೆದಿಟ್ಟುಕೊಳ್ಳಿ, ಬಿಲ್ಲನ್ನು ಕಳೆಯಬೇಡಿ.

‘ಕೆಡಿಎಂ ಚೈನು, ಅಪ್ಪಟ’ ಎಂದು ಇವತ್ತಿಗೂ ಕೆಲವರು ಹೇಳುವುದುಂಟು. ಕೆಡಿಎಂ ಎಂದರೆ ಕ್ಯಾಡ್ಮಿಯಂ ಬೆರೆಸಿದ ಬೆಸುಗೆ, ಅದು ಶುದ್ಧತೆಯ ಗುರುತಲ್ಲ. ಕ್ಯಾಡ್ಮಿಯಂ ಹೊಗೆ ಬೆಸುಗೆ ಹಾಕುವವರ ಶ್ವಾಸಕೋಶ, ಮೂತ್ರಪಿಂಡಗಳನ್ನು ತಿನ್ನುತ್ತದೆ. ಆ ಹೆಸರು ಹೇಳಿ ಮಾರುವ ಕಡೆ ಕೊಳ್ಳದಿರುವುದೇ ಸರಿ.

ಲಾಕೆಟ್ ಎಷ್ಟು ಭಾರ ಇರಬಹುದು?

ಚೈನಿನ ತೂಕದ ಅರ್ಧ ದಾಟದಿರಲಿ. ತೂಕದಷ್ಟೇ ಮುಖ್ಯವಾದದ್ದು ಲಾಕೆಟ್ಟಿನ ಬಳೆಯ ಒಳಅಂಚು. ಅದು ಚೂಪಾಗಿದ್ದರೆ ಹಗುರ ಲಾಕೆಟ್ಟೂ ಕೊಂಡಿಯನ್ನು ಕೊರೆಯುತ್ತದೆ. ಬೆರಳ ತುದಿಯನ್ನು ಅಂಚಿಗೆ ಒತ್ತಿ ನೋಡಿ, ಚುಚ್ಚಿದರೆ ದುಂಡಗೆ ಉಜ್ಜಿಸಿ. ಬಳೆ ಚೈನಿಗಿಂತ ಚೆನ್ನಾಗಿ ಅಗಲವಿರಬೇಕು, ಲಾಕೆಟ್ ಅತ್ತಿತ್ತ ಓಡಾಡಬೇಕು. ಒಂದೇ ಕೊಂಡಿಗೆ ಸಿಕ್ಕಿಸಿ ಬೆಸೆದ ಲಾಕೆಟ್ಟಾದರೆ ಸವಕಳಿಯೆಲ್ಲ ಆ ಒಂದು ಕೊಂಡಿಯ ಮೇಲೇ ಬೀಳುತ್ತದೆ.

ಕರಿಮಣಿ ಸರದ ವಿಚಾರ ಸ್ವಲ್ಪ ಬೇರೆ. ಅಲ್ಲಿ ಮಣಿಗಳನ್ನು ಹಿಡಿದಿರುವ ಚಿನ್ನದ ತಂತಿಯ ಪುಟ್ಟ ಕುಣಿಕೆಗಳೇ ಸವೆಯುವುದು, ಮಣಿಯ ಅಂಚು ಅದನ್ನು ಉಜ್ಜುತ್ತಲೇ ಇರುತ್ತದೆ. ತಾಳಿಯ ಭಾರ ಹೆಚ್ಚಿದ್ದರೆ ಹಿಂಭಾಗವೆಲ್ಲ ಚೈನು, ಮುಂಭಾಗದಲ್ಲಿ ಮಾತ್ರ ಸ್ವಲ್ಪ ಕರಿಮಣಿ ಇರುವಂತೆ ಮಾಡಿಸಿ.

ಎರಡು ಚೈನು ಒಟ್ಟಿಗೆ ಹಾಕಿದರೆ ಸುತ್ತಿಕೊಳ್ಳುತ್ತವೆ. ಏನು ಮಾಡಲಿ?

ಒಂದೇ ದಪ್ಪದ, ಒಂದೇ ಉದ್ದದ ಎರಡು ತೆಳು ಚೈನು ಹಾಕಿದರೆ ಸುತ್ತಿಕೊಳ್ಳದೆ ಇರುವುದೇ ಇಲ್ಲ. ಉದ್ದದಲ್ಲಿ ಕನಿಷ್ಠ ಎರಡು ಇಂಚು ವ್ಯತ್ಯಾಸ ಇರಲಿ, ಒಂದು ಸ್ಪಷ್ಟವಾಗಿ ದಪ್ಪಗಿರಲಿ, ಲಾಕೆಟ್ಟಿನ ಭಾರ ಉದ್ದದ್ದಕ್ಕೆ ಇರಲಿ. ಒಂದು ಚಪ್ಪಟೆ, ಇನ್ನೊಂದು ದುಂಡು ಆಗಿದ್ದರೆ ಇನ್ನೂ ಒಳ್ಳೆಯದು. ಇಷ್ಟಾದರೂ ಒಂದರ ಮೇಲೊಂದು ಉಜ್ಜುವುದು ತಪ್ಪುವುದಿಲ್ಲ, ಮೆತ್ತನೆಯದು ಬೇಗ ಸವೆಯುತ್ತದೆ. 22ರ ಜೊತೆ 18 ಕ್ಯಾರೆಟ್ ಚೈನನ್ನು ವರ್ಷಗಟ್ಟಲೆ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಬಿಚ್ಚಿಟ್ಟಾಗ ಬೀಳುವ ಗಂಟಿಗೆ ಕಾರಣ ತೆರೆದ ಕೊಕ್ಕೆ. ಸಡಿಲ ತುದಿ ನುಸುಳದಿದ್ದರೆ ಗಂಟು ಕಟ್ಟಲು ಆಗುವುದಿಲ್ಲ. ಬಿಚ್ಚಿದ ಕೂಡಲೇ ಕೊಕ್ಕೆ ಹಾಕಿ, ಚೈನೊಂದಕ್ಕೆ ಒಂದು ಡಬ್ಬಿಯಲ್ಲಿಡಿ. ಪ್ರಯಾಣದಲ್ಲಾದರೆ ಒಂದು ತುದಿಯನ್ನು ಜ್ಯೂಸ್ ಕುಡಿಯುವ ನಳಿಕೆಯೊಳಗೆ ತೂರಿಸಿ, ಆಚೆಯಿಂದ ತೆಗೆದು ಕೊಕ್ಕೆ ಹಾಕಿಬಿಡಿ.

ಗಂಟು ಬಿದ್ದೇಬಿಟ್ಟಿದೆ, ಹೇಗೆ ಬಿಡಿಸುವುದು?

ಎಳೆಯಬೇಡಿ. ಎಳೆದಷ್ಟೂ ಕೊಂಡಿಗಳು ಹಿಗ್ಗುತ್ತವೆ, ಗಂಟು ಬಿಗಿಯುತ್ತದೆ. ಸಪಾಟಾದ ಸ್ಟೀಲ್ ತಟ್ಟೆಯ ಮೇಲಿಟ್ಟು, ಗಂಟಿನ ಮೇಲೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟು, ಬೆರಳಲ್ಲಿ ಮೆಲ್ಲಗೆ ಹೊರಳಿಸಿ. ಗಂಟು ಸ್ವಲ್ಪ ಉಬ್ಬಿದ ಮೇಲೆ ಎರಡು ಸೂಜಿಗಳನ್ನು ನಡುವೆ ಇಳಿಸಿ ಹೊರಮುಖವಾಗಿ ಅಗಲಿಸಿ. ಬಿಟ್ಟ ಮೇಲೆ ಸೋಪಿನ ನೀರಲ್ಲಿ ತೊಳೆದು ಎಣ್ಣೆ ತೆಗೆಯಿರಿ, ಇಲ್ಲದಿದ್ದರೆ ಧೂಳು ಕೂತು ಅದೇ ಅರದಂತೆ ಕೆಲಸ ಮಾಡುತ್ತದೆ.

ಮಲಗುವಾಗ, ಸ್ನಾನದಲ್ಲಿ ತೆಗೆಯಲೇಬೇಕೇ?

ಇಂಚಿಗೆ 0.35 ಗ್ರಾಂ ದಾಟಿದ ಕರ್ಬ್, ಗೋಧಿ ಮಾದರಿಗಳನ್ನು ತೆಗೆಯದಿದ್ದರೂ ನಡೆಯುತ್ತದೆ. ಅದಕ್ಕಿಂತ ತೆಳುವಾದದ್ದನ್ನು ಮಲಗುವಾಗ ತೆಗೆಯಿರಿ. ಮಗು ಎತ್ತಿಕೊಳ್ಳುವ ಮನೆಯಲ್ಲಿ ತೆಳು ಚೈನು ಬೇಡ. ಸಣ್ಣ ಮಕ್ಕಳಿಗೆ ಚೈನು ಹಾಕಿ ಮಲಗಿಸುವುದಂತೂ ಬೇಡವೇ ಬೇಡ, ಕುತ್ತಿಗೆಗೆ ಸುತ್ತಿಕೊಳ್ಳುವ ಅಪಾಯವಿದೆ. ಈಜುಕೊಳದ ಕ್ಲೋರಿನ್, ಬಾತ್‌ರೂಮು ತೊಳೆಯುವ ಬ್ಲೀಚು ಬೆಸುಗೆಯ ಜಾಗಕ್ಕೆ ಕೆಟ್ಟದ್ದು. ಪಾದರಸವನ್ನಂತೂ ಹತ್ತಿರ ಬಿಡಬೇಡಿ, ಒಡೆದ ಹಳೆಯ ಥರ್ಮಾಮೀಟರಿನದ್ದಾದರೂ ತಾಗಿದ ಚಿನ್ನ ಬೆಳ್ಳಗಾಗಿ ಪೆಡಸಾಗುತ್ತದೆ.

ತೊಳೆಯಲು ಉಗುರುಬೆಚ್ಚಗಿನ ನೀರು, ಸ್ವಲ್ಪ ಪಾತ್ರೆ ತೊಳೆಯುವ ದ್ರವ, ಮೆತ್ತನೆಯ ಹಲ್ಲುಜ್ಜುವ ಬ್ರಷ್ ಸಾಕು. ಅಂಟುವಾಳದ ನೀರೂ ಆಗುತ್ತದೆ. ಟೂತ್‌ಪೇಸ್ಟ್ ಬೇಡ, ಅದರಲ್ಲಿರುವ ಸಣ್ಣ ಕಣಗಳು ಚಿನ್ನವನ್ನು ಉಜ್ಜಿ ಗೀರು ಮಾಡುತ್ತವೆ. ಮನೆ ಬಾಗಿಲಿಗೆ ಬಂದು ಪಾಲಿಶ್ ಮಾಡಿಕೊಡುತ್ತೇವೆ ಎನ್ನುವವರಿಗೆ ಕೊಡಲೇಬೇಡಿ, ಆಮ್ಲದಲ್ಲಿ ಅದ್ದಿ ಚಿನ್ನ ಕರಗಿಸಿಕೊಂಡು ಹೋಗುತ್ತಾರೆ. ಅಂಗಡಿಯಲ್ಲೂ ಪಾಲಿಶಿಗೆ ಮುನ್ನ ಮತ್ತು ನಂತರ ನಿಮ್ಮೆದುರೇ ತೂಗಿಸಿ.

ತುಂಡಾಗುವ ಮೊದಲೇ ತಿಳಿಯುವುದು ಹೇಗೆ?

ಕೊಂಡ ದಿನವೇ ಚೈನನ್ನು ನೆಟ್ಟಗೆ ಚಾಚಿ, ಉದ್ದವನ್ನು ಮಿಲಿಮೀಟರಿನಲ್ಲಿ ಅಳೆದು ಬಿಲ್ಲಿನ ಹಿಂದೆ ಬರೆದಿಡಿ. ಕೊಂಡಿಗಳ ಒಳಬಾಗು ಸವೆದಂತೆಲ್ಲ ಪ್ರತಿ ಕೊಂಡಿಯೂ ಕೂದಲೆಳೆಯಷ್ಟು ದೂರ ಸರಿಯುತ್ತದೆ, ಎಲ್ಲ ಸೇರಿ ಚೈನು ಉದ್ದವಾಗುತ್ತದೆ. ವರ್ಷಕ್ಕೊಮ್ಮೆ ಅಳೆದಾಗ ಐದಾರು ಮಿಲಿಮೀಟರ್ ಹೆಚ್ಚಿದ್ದರೆ ಅಕ್ಕಸಾಲಿಗರಿಗೆ ತೋರಿಸಿ. ಲಾಕೆಟ್ ಸರಿಸಿ ಅದರ ಕೆಳಗಿನ ಕೊಂಡಿಗಳನ್ನು ಭೂತಗನ್ನಡಿಯಲ್ಲಿ ನೋಡಲು ಹೇಳಿ. ತಂತಿ ಅರ್ಧಕ್ಕೆ ಇಳಿದಿದ್ದರೆ ಆ ಕೊಂಡಿಗಳನ್ನು ತೆಗೆಸಿ. ಅರ್ಧ ಇಂಚು ಗಿಡ್ಡವಾಗುತ್ತದೆ, ಕಳೆದುಹೋಗುವುದಿಲ್ಲ.

ಒಮ್ಮೆ ಬೆಸುಗೆ ಹಾಕಿದ ಚೈನು ಮತ್ತೆ ತುಂಡಾಗುತ್ತದೆಯೇ?

ಬೆಸೆದ ಜಾಗದಲ್ಲೇ ಆಗುವುದು ಕಡಿಮೆ, ಅದರ ಪಕ್ಕದಲ್ಲಿ ಆಗಬಹುದು. ಯಂತ್ರದಲ್ಲಿ ಎಳೆದ ತಂತಿಗೆ ಬಂದಿದ್ದ ಗಡಸುತನ ಉರಿ ತಾಗಿದ ಕಡೆ ಇಳಿದುಹೋಗಿರುತ್ತದೆ. ಬಿಸಿ ಒಂದು ಚುಕ್ಕೆಯಷ್ಟು ಜಾಗಕ್ಕೆ ಮಾತ್ರ ತಾಗುವ ಲೇಸರ್ ಬೆಸುಗೆ ಸಿಕ್ಕರೆ ತೆಳು ಚೈನಿಗೆ ಅದನ್ನೇ ಮಾಡಿಸಿ. ಒಂದು ಜಾಗ ತುಂಡಾಗಿದ್ದರೆ ರಿಪೇರಿ ಸರಿ. ಎರಡನೇ ಸಲ ಬೇರೆ ಜಾಗದಲ್ಲಿ ತುಂಡಾಯಿತೆಂದರೆ ಚೈನು ಪೂರ್ತಿ ಸವೆದಿದೆ ಎಂದೇ ತಿಳಿಯಿರಿ. ಆಗ ಇನ್ನೊಂದು ಬೆಸುಗೆಗೆ ದುಡ್ಡು ಹಾಕುವ ಬದಲು, ಅದನ್ನು ತೂಕಕ್ಕೆ ಕೊಟ್ಟು ಇಂಚಿಗೆ ಹೆಚ್ಚು ಗ್ರಾಂ ಇರುವ, ಸ್ವಲ್ಪ ಗಿಡ್ಡದಾದ ಚೈನು ತೆಗೆದುಕೊಳ್ಳಿ.